ಕೆಮ್ಮುವ ಮಗು, ಜೊಲ್ಲು ಸುರಿಸುವ ಮಗು

ಮಗು ಉಸಿರು ಒಳಗೆಳೆದಾಗಲೆಲ್ಲ ಗಂಟಲಿನಿಂದ ಕರ್ಕಶ ಸದ್ದು ಬರುತ್ತಿದ್ದರೆ ಉಸಿರು ಹೋಗುವ ದಾರಿ ಅಲ್ಲೆಲ್ಲೋ ಕಿರಿದಾಗಿದೆ ಎಂದೇ ಅರ್ಥ. ವೈದ್ಯರು ಇದನ್ನು ಸ್ಟ್ರೈಡರ್ ಎನ್ನುತ್ತಾರೆ. ಬಹಳಷ್ಟು ಸಲ ಇದಕ್ಕೆ ಕಾರಣ ಕ್ರೂಪ್, ಅಪರೂಪಕ್ಕೆ ಎಪಿಗ್ಲಾಟೈಟಿಸ್.

ಕ್ರೂಪ್ ಹೆಚ್ಚಾಗಿ ಕಾಡುವುದು 6 ತಿಂಗಳಿಂದ 3 ವರ್ಷದ ಮಕ್ಕಳನ್ನು. ಒಂದೆರಡು ದಿನ ನೆಗಡಿ, ಸಣ್ಣ ಜ್ವರ ಇದ್ದು, ಒಂದು ರಾತ್ರಿ ಇದ್ದಕ್ಕಿದ್ದಂತೆ ನಾಯಿ ಬೊಗಳಿದಂಥ ಕೆಮ್ಮು ಶುರುವಾಗುತ್ತದೆ, ದನಿ ಒಡೆಯುತ್ತದೆ. ವೈರಸ್‌ನಿಂದಾದ ಊತ ಧ್ವನಿತಂತುಗಳ ಕೆಳಗಿರುತ್ತದೆ. ಡೆಕ್ಸಾಮೆಥಾಸೋನ್ ಔಷಧದ ಒಂದೇ ಡೋಸ್ ಕೆಲವು ಗಂಟೆಗಳಲ್ಲಿ ಈ ಊತವನ್ನು ಇಳಿಸುತ್ತದೆ. ಸುಮ್ಮನಿದ್ದಾಗಲೂ ಸ್ಟ್ರೈಡರ್ ಕೇಳಿಸಿದರೆ ಜೊತೆಗೆ ಅಡ್ರಿನಲಿನ್ ನೆಬ್ಯುಲೈಸೇಶನ್ ಕೊಡುತ್ತಾರೆ. ಅರ್ಧ ಗಂಟೆಯೊಳಗೆ ಮಗು ಹಗುರಾಗುತ್ತದೆ. ಆದರೆ ಅದರ ಪ್ರಭಾವ ಸುಮಾರು ಎರಡು ಗಂಟೆಯಲ್ಲಿ ಇಳಿಯುವುದರಿಂದ ಮಗುವನ್ನು ಕೂಡಲೇ ಮನೆಗೆ ಕರೆದೊಯ್ಯಬಾರದು. ಮಗು ಸೋತು ಮಂಕಾಗುತ್ತ ಸದ್ದು ಕಡಿಮೆಯಾದರೆ ಅದು ಗುಣವಲ್ಲ, ಒಳಗೆ ಹೋಗುವ ಗಾಳಿಯೇ ಕಡಿಮೆಯಾಗುತ್ತಿದೆ.

ಈಗ ಇನ್ನೊಂದು ಮಗುವನ್ನು ಊಹಿಸಿಕೊಳ್ಳಿ. ವಯಸ್ಸು 4. ಬೆಳಿಗ್ಗೆ ಆಡುತ್ತಿತ್ತು, ಸಂಜೆಗೆ ಕೆಂಡದಂಥ ಜ್ವರ. ಮುಂದಕ್ಕೆ ಬಾಗಿ, ಕೈಯೂರಿ, ಗಲ್ಲ ಮುಂಚಾಚಿ ಕೂತಿದೆ. ನುಂಗಲಾಗದೆ ಜೊಲ್ಲು ಸುರಿಯುತ್ತಿದೆ. ದನಿ ಅದುಮಿದಂತಿದೆ, ಕೆಮ್ಮು ಇಲ್ಲವೇ ಇಲ್ಲ. ನುಂಗುವಾಗ ಅನ್ನ ಶ್ವಾಸನಾಳಕ್ಕೆ ಜಾರದಂತೆ ತಡೆಯುವ ಎಲೆಯಂಥ ಭಾಗ, ಅಂದರೆ ಎಪಿಗ್ಲಾಟಿಸ್, ಬ್ಯಾಕ್ಟೀರಿಯಾ ಸೋಂಕಿನಿಂದ ಊದಿಕೊಂಡಿದೆ. ಮಗು ಹಾಗೆ ಕೂತಿರುವುದೇ ಉಳಿದಿರುವ ಸಣ್ಣ ದಾರಿಯನ್ನು ತೆರೆದಿಟ್ಟುಕೊಳ್ಳಲು.

ಇಲ್ಲಿ ಮಾಡಬಾರದ್ದೇ ಮೊದಲು ನೆನಪಿರಬೇಕು. ಚಮಚ ಹಾಕಿ ಗಂಟಲು ನೋಡಬಾರದು, ಮಲಗಿಸಬಾರದು, ಸೂಜಿ ಚುಚ್ಚಿ ಅಳಿಸಬಾರದು. ಎಕ್ಸ್‌ರೇಗೆ ಕಳಿಸಿ ಹೊತ್ತು ಕಳೆಯುವುದೂ ಬೇಡ. ಅತ್ತರೆ ಆ ದಾರಿ ಪೂರ್ತಿ ಮುಚ್ಚಿಹೋಗಬಹುದು. ಅಮ್ಮನ ತೊಡೆಯ ಮೇಲೆ ಕೂತಂತೆಯೇ, ಮುಖದ ಹತ್ತಿರ ಆಮ್ಲಜನಕ ಹಿಡಿದು, ಆಪರೇಷನ್ ಥಿಯೇಟರ್‌ಗೆ ಒಯ್ಯಬೇಕು. ಅಲ್ಲಿ ಅನುಭವಿ ಅರಿವಳಿಕೆ ತಜ್ಞರು ಮೂಗು-ಬಾಯಿಯ ಮೂಲಕ ಅನಿಲ ಕೊಟ್ಟು, ಮಗು ತಾನೇ ಉಸಿರಾಡುತ್ತಿರುವಂತೆಯೇ ನಿದ್ದೆ ಬರಿಸುತ್ತಾರೆ. ಆಮೇಲೆ ವಯಸ್ಸಿಗೆ ತಕ್ಕದ್ದಕ್ಕಿಂತ ಸಣ್ಣ ಟ್ಯೂಬನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ಅದು ಸಾಧ್ಯವಾಗದಿದ್ದರೆ ಕತ್ತಿನಲ್ಲಿ ರಂಧ್ರ ಮಾಡಲು ಇಎನ್‌ಟಿ ಶಸ್ತ್ರವೈದ್ಯರು ಪಕ್ಕದಲ್ಲೇ ಸಿದ್ಧರಿರುತ್ತಾರೆ. ಸೂಜಿ, ರಕ್ತಪರೀಕ್ಷೆ, ಆಂಟಿಬಯಾಟಿಕ್ ಎಲ್ಲವೂ ಟ್ಯೂಬ್ ಭದ್ರವಾದ ಮೇಲೆಯೇ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಊತ ಇಳಿದು ಟ್ಯೂಬ್ ತೆಗೆಯಲು ಬರುತ್ತದೆ.

ಈ ರೋಗಕ್ಕೆ ಹಿಂದೆ ಮುಖ್ಯ ಕಾರಣವಾಗಿದ್ದುದು ಹಿಬ್ ಬ್ಯಾಕ್ಟೀರಿಯಾ. 6, 10 ಮತ್ತು 14 ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅದರ ವಿರುದ್ಧದ ರಕ್ಷಣೆಯೂ ಇದೆ. ಹಾಗಾಗಿ ವೈದ್ಯರು ತಾಯಿ ಕಾರ್ಡ್ ಕೇಳುತ್ತಾರೆ. ಬೇರೆ ಬ್ಯಾಕ್ಟೀರಿಯಾಗಳಿಂದಲೂ ಈ ಊತ ಬರಬಹುದಾದ್ದರಿಂದ, ಲಸಿಕೆ ಆಗಿದ್ದರೂ ಜೊಲ್ಲು ಸುರಿಸುತ್ತ ಬಾಗಿ ಕೂತ ಮಗುವನ್ನು ಎಪಿಗ್ಲಾಟೈಟಿಸ್ ಎಂದೇ ಭಾವಿಸಿ ನೋಡಿಕೊಳ್ಳುತ್ತಾರೆ.