ಗೋದಾಮಿನ ಸಾಲಿಗೆ 100 ಎಲ್ಲಿಂದ ಬಂತು?

ಗಂಗಾವತಿಯ ಗಿರಣಿಗಳಲ್ಲಿ 60 ಲೋಡು ಅಕ್ಕಿ ಇದೆ, ಸಿಂಧನೂರಿನಲ್ಲಿ 40. ಬೆಂಗಳೂರಿಗೆ 70 ಲೋಡು ಬೇಕು, ಮಂಗಳೂರಿಗೆ 30. ಲಾರಿಗಳು ನೇರವಾಗಿ ಹೋಗುವುದಿಲ್ಲ. ಹುಬ್ಬಳ್ಳಿಯಲ್ಲೋ ಚಿತ್ರದುರ್ಗದಲ್ಲೋ ಗೋದಾಮಿಗೆ ಇಳಿಸಿ, ಅಲ್ಲಿಂದ ಮತ್ತೆ ಹೇರಬೇಕು. ಯಾವ ದಾರಿಯಲ್ಲಿ ಎಷ್ಟು ಕಳಿಸಿದರೆ ಬಾಡಿಗೆ ಕಡಿಮೆ? ಊರುಗಳು ನಿಜ, ಅಂಕಿಗಳನ್ನು ಮಾತ್ರ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದೇನೆ.

ಇದು ಟ್ರಾನ್ಸ್‌ಶಿಪ್‌ಮೆಂಟ್ ಸಮಸ್ಯೆ. ಇದನ್ನು ಮಾಮೂಲಿ ಸಾಗಣೆ ಸಮಸ್ಯೆಯ ಕೋಷ್ಟಕಕ್ಕೇ ಇಳಿಸಿ ಬಿಡಿಸಬಹುದೆಂದು 1956ರಲ್ಲಿ ಅಲೆಕ್ಸ್ ಆರ್ಡೆನ್ ತೋರಿಸಿದರು. ಉಪಾಯ ಚಿಕ್ಕದು. ಆದರೆ ಅದರಲ್ಲಿರುವ ಒಂದು ಸಂಖ್ಯೆಯ ಸುತ್ತ ಎಷ್ಟೋ ತಪ್ಪು ತಿಳಿವಳಿಕೆ ಬೆಳೆದಿದೆ. ಆ ಸಂಖ್ಯೆಯ ಹೆಸರು ಬಫರ್.

ತಪ್ಪು ಕಲ್ಪನೆ: ಗೋದಾಮು ಏನನ್ನೂ ಬೆಳೆಯುವುದಿಲ್ಲ, ಏನನ್ನೂ ತಿನ್ನುವುದಿಲ್ಲ. ಆದ್ದರಿಂದ ಅದರ ಪೂರೈಕೆ ಸೊನ್ನೆ, ಬೇಡಿಕೆಯೂ ಸೊನ್ನೆ.

ಮಾತಿನ ಮೊದಲರ್ಧ ಸರಿ. ಆದರೆ ಕೋಷ್ಟಕದಲ್ಲಿ ಗೋದಾಮಿನ ಕಂಬಸಾಲಿಗೆ ಸೊನ್ನೆ ಬರೆದರೆ ಅಲ್ಲಿಗೆ ಒಂದು ಮೂಟೆಯೂ ಬರಲಾರದು, ಅಡ್ಡಸಾಲಿಗೆ ಸೊನ್ನೆ ಬರೆದರೆ ಅಲ್ಲಿಂದ ಒಂದು ಮೂಟೆಯೂ ಹೊರಡಲಾರದು. ಗೋದಾಮಿಗೆ ಬೀಗ ಹಾಕಿದಂತಾಯಿತು. ಬೇಕಾದದ್ದು ಬಂದಷ್ಟು ಹೋಗಬೇಕೆಂಬ ನಿಯಮ. ಎಷ್ಟು ಬರುತ್ತದೆಂಬುದು ಮೊದಲೇ ಗೊತ್ತಿಲ್ಲ. ಅದಕ್ಕಾಗಿ ಹೆಚ್ಚೆಂದರೆ ಎಷ್ಟು ಬರಬಹುದೋ ಅಷ್ಟನ್ನು, ಅಂದರೆ ಒಟ್ಟು ಸರಕಾದ 100ನ್ನು, ಗೋದಾಮಿನ ಪೂರೈಕೆಗೂ ಬೇಡಿಕೆಗೂ ಬರೆಯುತ್ತೇವೆ. ಬಫರ್ ಎಂದರೆ ಇದೇ. ಎರಡೂ ಕಡೆ ಒಂದೇ ಸಂಖ್ಯೆ ಸೇರಿದ್ದರಿಂದ ಸಮತೋಲ ಕೆಡುವುದಿಲ್ಲ: 60+40+100+100 ಒಂದೆಡೆ, 100+100+70+30 ಇನ್ನೊಂದೆಡೆ. ಎರಡೂ 300.

ಇನ್ನು ಬಾಡಿಗೆ. ಪ್ರತಿ ಲೋಡಿಗೆ ಸಾವಿರ ರೂಪಾಯಿ ಲೆಕ್ಕದಲ್ಲಿ ಕೆಳಗಿದೆ. ಗೆರೆ ಎಳೆದ ಕಡೆ ದಾರಿ ಇಲ್ಲ. ಬಿಡಿಸುವಾಗ ಅಲ್ಲಿ ಬಹುದೊಡ್ಡ ವೆಚ್ಚವೊಂದನ್ನು ಬರೆದುಕೊಂಡರೆ ಸಾಕು. ಆವರಣದಲ್ಲಿರುವುದು ಅತಿ ಕಡಿಮೆ ವೆಚ್ಚದ ಹಂಚಿಕೆ.

| | ಹುಬ್ಬಳ್ಳಿ | ಚಿತ್ರದುರ್ಗ | ಬೆಂಗಳೂರು | ಮಂಗಳೂರು | ಪೂರೈಕೆ |
|---|---|---|---|---|---|
| ಗಂಗಾವತಿ | 7 (60) | 14 | — | — | 60 |
| ಸಿಂಧನೂರು | 12 | 10 (40) | — | — | 40 |
| ಹುಬ್ಬಳ್ಳಿ | 0 (40) | 5 (30) | 22 | 16 (30) | 100 |
| ಚಿತ್ರದುರ್ಗ | 5 | 0 (30) | 11 (70) | 17 | 100 |
| ಬೇಡಿಕೆ | 100 | 100 | 70 | 30 | 300 |

ತಪ್ಪು ಕಲ್ಪನೆ: ಹಾಗಾದರೆ ಹುಬ್ಬಳ್ಳಿಯಲ್ಲಿ 40 ಲೋಡು, ಚಿತ್ರದುರ್ಗದಲ್ಲಿ 30 ಲೋಡು ದಾಸ್ತಾನು ಉಳಿಯಿತು.

ಕೋಷ್ಟಕ ಓದುವವರು ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ. ಹುಬ್ಬಳ್ಳಿಯಿಂದ ಹುಬ್ಬಳ್ಳಿಗೇ ಹೋದ 40 ಅಕ್ಕಿಯಲ್ಲ. ಆ ಗೋದಾಮಿಗೆ ನಾವು ಕೊಟ್ಟ 100ರ ಅವಕಾಶದಲ್ಲಿ ಬಳಕೆಯಾಗದೆ ಉಳಿದ ಭಾಗ ಅದು. 100ರಲ್ಲಿ 40 ಕಳೆದರೆ ಸಿಗುವ 60, ಹುಬ್ಬಳ್ಳಿಯ ಬಾಗಿಲು ದಾಟಿದ ನಿಜವಾದ ಸರಕು. ಗಂಗಾವತಿಯಿಂದ ಬಂದದ್ದು 60. ಮಂಗಳೂರಿಗೆ 30, ಚಿತ್ರದುರ್ಗಕ್ಕೆ 30 ಹೋಗಿದೆ. ಚಿತ್ರದುರ್ಗದ ಲೆಕ್ಕವೂ ಹೀಗೆಯೇ: 100ರಲ್ಲಿ 30 ಕಳೆದು 70. ಕರ್ಣದ ಮನೆಗಳಲ್ಲಿ ಬಾಡಿಗೆ ಸೊನ್ನೆ ಇಟ್ಟದ್ದು ಇದಕ್ಕಾಗಿಯೇ. ನಡೆಯದ ಸಾಗಣೆಗೆ ಯಾರು ದುಡ್ಡು ಕೊಡುತ್ತಾರೆ? ಉಳಿದ ಮನೆಗಳನ್ನು ಕೂಡಿದರೆ 420+400+150+480+770, ಒಟ್ಟು 2,220. ಅಂದರೆ ₹22,20,000.

ಗಂಗಾವತಿಯ 30 ಲೋಡು ಎರಡು ಗೋದಾಮು ಹತ್ತಿಳಿದು ಬೆಂಗಳೂರು ಸೇರಿದ್ದನ್ನು ಗಮನಿಸಿ. ಹುಬ್ಬಳ್ಳಿಯಿಂದ ಹೆದ್ದಾರಿಯಲ್ಲಿ ಖಾಲಿ ಹೋಗುವ ಲಾರಿ ಕಡಿಮೆ ಬಾಡಿಗೆಗೆ ಒಪ್ಪುತ್ತದೆಂದು ಭಾವಿಸಿ 5 ಇಟ್ಟಿದ್ದೆ. ಹಾಗಾಗಿ 7+5 ಸೇರಿ 12, ನೇರವಾಗಿ ಚಿತ್ರದುರ್ಗಕ್ಕೆ ಹೋದರೆ 14. ಗೋದಾಮಿನಿಂದ ಗೋದಾಮಿಗೆ ದಾರಿಯೇ ಇಲ್ಲವೆಂದು ಆ ಮನೆಗಳನ್ನು ಮುಚ್ಚಿದ್ದರೆ ಈ 30 ಲೋಡಿಗೆ ₹60,000 ಹೆಚ್ಚು ತೆರಬೇಕಿತ್ತು.

ತಪ್ಪು ಕಲ್ಪನೆ: ಒಟ್ಟು ಸರಕು 100, ಗೋದಾಮು ಎರಡು, ಬಫರನ್ನು 50-50 ಹಂಚಿದರಾಯಿತು.

ನ್ಯಾಯವಾಗಿಯೇ ಕಾಣುವ ಈ ಹಂಚಿಕೆಯಲ್ಲಿ ಕೋಷ್ಟಕ ಸಮತೋಲದಲ್ಲೇ ಇರುತ್ತದೆ, ಉತ್ತರವೂ ಬರುತ್ತದೆ. ತಪ್ಪು ಕಣ್ಣಿಗೆ ಬೀಳದಿರುವುದು ಅದಕ್ಕೇ. ನಮ್ಮ ಉತ್ತರದಲ್ಲಿ ಹುಬ್ಬಳ್ಳಿಯನ್ನು 60, ಚಿತ್ರದುರ್ಗವನ್ನು 70 ಲೋಡು ದಾಟಿದವು, ಕೂಡಿದರೆ 130. ಎರಡು ಗೋದಾಮು ಕಂಡ 30 ಲೋಡು ಎರಡು ಬಾರಿ ಎಣಿಕೆಗೆ ಬಂದಿದೆ. ಬಫರನ್ನು 50-50 ಇಟ್ಟರೆ ಗೋದಾಮುಗಳ ನಡುವಿನ ಸಾಗಣೆ ತಾನಾಗಿ ನಿಂತುಹೋಗುತ್ತದೆ. ಬೆಂಗಳೂರಿನ 20 ಲೋಡು ಹುಬ್ಬಳ್ಳಿಯಿಂದಲೇ ದುಬಾರಿ ಬಾಡಿಗೆಗೆ ಹೊರಡಬೇಕಾಗುತ್ತದೆ. ವೆಚ್ಚ 2,360ಕ್ಕೆ ಏರುತ್ತದೆ. ಒಂದು ಸಂಖ್ಯೆಯ ತಪ್ಪಿಗೆ ₹1,40,000 ದಂಡ.

ಇದನ್ನು ಪತ್ತೆಹಚ್ಚುವುದು ಸುಲಭ. ಉತ್ತರ ಬಂದ ಮೇಲೆ ಕರ್ಣದ ಮನೆಗಳನ್ನು ನೋಡಿ. ಯಾವುದಾದರೊಂದು ಸೊನ್ನೆಯಾಗಿದ್ದರೆ ಆ ಗೋದಾಮು ಕೊಟ್ಟ ಅವಕಾಶವನ್ನೆಲ್ಲ ಬಳಸಿಕೊಂಡಿದೆ, ಇನ್ನೂ ಬೇಕೆನ್ನುತ್ತಿರಬಹುದು. ಬಫರನ್ನು ಹೆಚ್ಚಿಸಿ ಮತ್ತೊಮ್ಮೆ ಬಿಡಿಸಿ. ದೊಡ್ಡದಾಯಿತೆಂಬ ಭಯ ಬೇಡ. 100ರ ಬದಲು 500 ಇಟ್ಟರೆ ಕರ್ಣದಲ್ಲಿ 40 ಮತ್ತು 30 ಇದ್ದ ಕಡೆ 440 ಮತ್ತು 430 ಬರುತ್ತದೆ, ಅಷ್ಟೆ. ಸಾಗಣೆ ಬದಲಾಗದು, ವೆಚ್ಚ ಅದೇ 2,220.

ಬಫರನ್ನು ಬೇಕೆಂದೇ ಚಿಕ್ಕದಾಗಿಸುವ ಸಂದರ್ಭವೂ ಉಂಟು. ಚಿತ್ರದುರ್ಗದ ಗೋದಾಮಿಗೆ 60 ಲೋಡಿಗಿಂತ ಹೆಚ್ಚು ನಿಭಾಯಿಸಲು ಆಗುವುದಿಲ್ಲವೆಂದರೆ ಅದರ ಸಾಲಿಗೂ ಕಂಬಸಾಲಿಗೂ 100ರ ಬದಲು 60 ಬರೆಯಿರಿ. ಒಟ್ಟು ಎರಡೂ ಕಡೆ 260, ಸಮತೋಲ ಹಾಗೇ ಇದೆ. ಬೆಂಗಳೂರಿನ 10 ಲೋಡು ಹುಬ್ಬಳ್ಳಿಯಿಂದ ಹೊರಡುತ್ತದೆ, ವೆಚ್ಚ 2,280. ಈಗ ಚಿತ್ರದುರ್ಗದ ಕರ್ಣದಲ್ಲಿ ಸೊನ್ನೆ ಬಂದಿದ್ದರೂ ಅದು ತಪ್ಪಲ್ಲ, ನಾವೇ ಹಾಕಿದ ಮಿತಿ.

ತಪ್ಪು ಕಲ್ಪನೆ: ಗೋದಾಮಿನ ಹಮಾಲಿಯನ್ನು ಕರ್ಣದ ಸೊನ್ನೆಯ ಜಾಗದಲ್ಲಿ ಬರೆದರೆ ಸರಿಯಾಗುತ್ತದೆ.

ಇಳಿಸಿ ಹೇರುವ ಕೂಲಿ ಲೋಡಿಗೆ 1 ಎಂದಿಟ್ಟುಕೊಳ್ಳಿ. ಅದನ್ನು ಕರ್ಣದಲ್ಲಿ ಬರೆದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಕರ್ಣದಲ್ಲಿರುವುದು ಗೋದಾಮಿಗೆ ಬಾರದ ಸರಕು. ಅದಕ್ಕೆ ಕೂಲಿ ಹಾಕಿದರೆ, ಗೋದಾಮಿನ ಮೂಲಕ ಹೆಚ್ಚು ಹೆಚ್ಚು ಸಾಗಿಸಿದಷ್ಟೂ ಕೂಲಿ ಉಳಿಯಿತೆಂದು ಕೋಷ್ಟಕ ಭಾವಿಸುತ್ತದೆ! ಕೂಲಿಯನ್ನು ಆ ಗೋದಾಮಿಗೆ ಬರುವ ಪ್ರತಿ ದಾರಿಯ ಬಾಡಿಗೆಗೆ ಕೂಡಿಸಬೇಕು. ಗಂಗಾವತಿಯಿಂದ ಹುಬ್ಬಳ್ಳಿಗೆ 7ರ ಬದಲು 8, ಸಿಂಧನೂರಿನಿಂದ 13, ಚಿತ್ರದುರ್ಗದಿಂದ 6. ಕರ್ಣ ಸೊನ್ನೆಯಾಗಿಯೇ ಉಳಿಯಲಿ. ಸರಕು ಬರಲಿ ಬಿಡಲಿ ಕೊಡಲೇಬೇಕಾದ ತಿಂಗಳ ಬಾಡಿಗೆಗೆ ಮಾತ್ರ ಈ ಕೋಷ್ಟಕದಲ್ಲಿ ಜಾಗವಿಲ್ಲ. ಯಾವ ಗೋದಾಮು ತೆರೆಯಬೇಕೆಂಬ ಪ್ರಶ್ನೆಗೆ ಬೇರೆಯದೇ ಮಾದರಿ ಬೇಕು.

ಪೂರೈಕೆ ಬೇಡಿಕೆಗಿಂತ ಹೆಚ್ಚಿದ್ದರೆ ಎಂದಿನಂತೆ ಡಮ್ಮಿ ಊರೊಂದನ್ನು ಸೇರಿಸಬೇಕು. ಗಿರಣಿಯಿಂದ ಊರುಗಳಿಗೆ ನೇರ ದಾರಿಯಿಲ್ಲವೆಂದು ಡಮ್ಮಿಯ ಮನೆಗೂ ಕೆಲವರು ಗೆರೆ ಎಳೆದುಬಿಡುತ್ತಾರೆ. ಆಗ ಯಾರಿಗೂ ಬೇಡವಾದ ಅಕ್ಕಿಯೂ ಬಾಡಿಗೆ ತೆತ್ತು ಹುಬ್ಬಳ್ಳಿಯವರೆಗೆ ಹೋಗುತ್ತದೆ. ಗಿರಣಿಯಿಂದ ಡಮ್ಮಿಗೆ ಇರುವ ಮನೆಯಲ್ಲಿ ಸೊನ್ನೆ ಬರೆದರೆ ಅದು ಗಿರಣಿಯಲ್ಲೇ ಉಳಿಯುತ್ತದೆ.