ಯಜಮಾನರ ಮೀನಖಂಡದಲ್ಲಿ ‘ಟಪ್’ ಎಂದಾಗ

ನಾಲತವಾಡದಂಥ ಊರುಗಳಲ್ಲಿ ಸಂಜೆಯಾದರೆ ಅಂಗಡಿ ಮುಚ್ಚಿ, ಧೋತರ ಕಟ್ಟಿಟ್ಟು, ಹುಡುಗರ ಜೊತೆ ವಾಲಿಬಾಲ್ ಆಡಲು ಹೋಗುವ ನಲವತ್ತು ದಾಟಿದ ಯಜಮಾನರು ಇದ್ದೇ ಇರುತ್ತಾರೆ. ಚೆಂಡಿಗೆಂದು ಒಮ್ಮೆಲೇ ಮುಂದೆ ಜಿಗಿದಾಗ ಮೀನಖಂಡದಲ್ಲಿ ‘ಟಪ್’ ಎನ್ನುತ್ತದೆ. “ಯಾರೋ ಹಿಂದಿನಿಂದ ಕಲ್ಲು ಒಗದ್ರು” ಎಂದು ತಿರುಗಿ ನೋಡಿದರೆ ಯಾರೂ ಇರುವುದಿಲ್ಲ! ಹರಿದದ್ದು ಮೀನಖಂಡದ ಒಳಬದಿಯ ಸ್ನಾಯು. ಮೊಣಕಾಲು ನೆಟ್ಟಗಾಗಿ, ಪಾದ ಮೇಲಕ್ಕೆ ಬಾಗಿದ ಹೊತ್ತಿನಲ್ಲೇ ಜೋರಾಗಿ ಒದ್ದರೆ ಹೀಗಾಗುತ್ತದೆ. 1883ರಲ್ಲಿಯೇ ಇಂಗ್ಲೆಂಡಿನ ವೈದ್ಯ ಪತ್ರಿಕೆಯೊಂದು ಇದನ್ನು ಟೆನಿಸ್ ಕಾಲು ಎಂದು ಕರೆದಿತ್ತು.

ಮನೆಗೆ ಬಂದೊಡನೆ ನೀವು ಮಾಡಬೇಕಾದ ಒಂದು ಪರೀಕ್ಷೆ ಇದೆ. ಅವರನ್ನು ಬೋರಲು ಮಲಗಿಸಿ, ಪಾದ ಮಂಚದಿಂದ ಹೊರಗೆ ಇಳಿಬಿಡಲಿ. ಮೀನಖಂಡವನ್ನು ಮೆಲ್ಲಗೆ ಹಿಚುಕಿರಿ. ಪಾದ ತುಸು ಕೆಳಕ್ಕೆ ಚಾಚಿಕೊಂಡರೆ ಸರಿ. ಅಲುಗಾಡದಿದ್ದರೆ, ಅಥವಾ ಹಿಮ್ಮಡಿಯ ಮೇಲೆ ತಗ್ಗು ಸಿಕ್ಕರೆ, ಹಿಮ್ಮಡಿಯ ದಪ್ಪ ನರವೇ ಕಡಿದಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ನಮ್ಮ ಕಡೆ ತಕ್ಷಣ ಎಣ್ಣೆ ಕಾಸಿ ತಿಕ್ಕುವುದು, ಉಪ್ಪಿನ ಗಂಟಿನ ಕಾವು ಕೊಡುವುದು ವಾಡಿಕೆ. ಮೊದಲ ಎರಡು-ಮೂರು ದಿನ ಎರಡೂ ಬೇಡ್ರಿ. ಒಳಗೆ ರಕ್ತ ಜಿನುಗುತ್ತಿರುವಾಗ ತಿಕ್ಕಿದರೆ ಗಾಯ ಹೆಚ್ಚುತ್ತದೆ. ಬದಲಿಗೆ ಮಂಜುಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹದಿನೈದು ನಿಮಿಷ, ಎರಡು-ಮೂರು ತಾಸಿಗೊಮ್ಮೆ ಇಡಿ. ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಕ್ರೇಪ್ ಪಟ್ಟಿ ಸುತ್ತಿ, ಎರಡು ದಿಂಬಿನ ಮೇಲೆ ಕಾಲಿಡಿ. ಬೆರಳು ಜೋಮು ಹಿಡಿದರೆ, ಕಪ್ಪಾದರೆ ಪಟ್ಟಿ ಬಿಗಿಯಾಗಿದೆ, ಸಡಿಲಿಸಿ. ನಾಲ್ಕನೆಯ ದಿನ ಹರಡಿನ ಸುತ್ತ ನೀಲಿ ಬಣ್ಣ ಕಂಡರೆ ಗಾಬರಿ ಬೇಡ, ಮೇಲಿನ ರಕ್ತವೇ ಕೆಳಗಿಳಿದಿರುತ್ತದೆ.

ಮಲಗಿಯೇ ಇರಬಾರದು. ಎರಡೂ ಚಪ್ಪಲಿಯ ಹಿಮ್ಮಡಿಯಲ್ಲಿ ಅರ್ಧ ಇಂಚಿನ ಮೆತ್ತೆ ಹಾಕಿದರೆ ಸ್ನಾಯುವಿನ ಎಳೆತ ಕಡಿಮೆಯಾಗುತ್ತದೆ. ಕೋಲು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿರಲಿ. ಸಣ್ಣ ಹೆಜ್ಜೆ ಸಾಕು, ಆದರೆ ಹಿಮ್ಮಡಿ ಊರಿಯೇ ನಡೆಯಲಿ. ಬೆರಳ ತುದಿಯಲ್ಲಿ ಕುಂಟುತ್ತಾ ನಡೆದರೆ ಸ್ನಾಯು ಮೋಟಾಗಿಯೇ ಕೂಡುತ್ತದೆ. ನೋವು ತಗ್ಗಿದಂತೆ ಮೆತ್ತೆಯನ್ನು ತೆಳ್ಳಗೆ ಮಾಡಿ.

ಇಷ್ಟರಲ್ಲಿ ಬಾವು ಇಳಿಯುವ ಬದಲು ಏರಿದರೆ, ಕಾಲು ಬಿಸಿಯಾಗಿ ಬಿಗಿದರೆ, ರಕ್ತ ಹೆಪ್ಪುಗಟ್ಟಿರಬಹುದು. ಸೋನೋಗ್ರಫಿಯಲ್ಲಿ ಗೊತ್ತಾಗುತ್ತದೆ. ಉಸಿರು ಕಟ್ಟಿದರಂತೂ ಒಂದು ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಿರಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಮೊದಲ ದಿನವೇ ವೈದ್ಯರನ್ನು ಕಾಣಲಿ.

ಕುಂಟದೆ ನಡೆಯಲು ಬಂದ ಮೇಲೆ, ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಒಂದೇ ಕಾಲಲ್ಲಿ. ಸಣ್ಣ ಹರಿತ ಎರಡು-ಮೂರು ವಾರದಲ್ಲಿ ಮಾಯುತ್ತದೆ, ದೊಡ್ಡದಕ್ಕೆ ಮೂರು ತಿಂಗಳೂ ಬೇಕಾದೀತು. “ನೋವಿಲ್ಲ, ಆಡ್ತೀನಿ” ಎಂದರೆ ಒಪ್ಪಬೇಡಿ. ಪೆಟ್ಟಾದ ಒಂದೇ ಕಾಲ ಮೇಲೆ, ಇನ್ನೊಂದು ಕಾಲು ಎತ್ತಿದಷ್ಟೇ ಸಲ, ಅಷ್ಟೇ ಎತ್ತರಕ್ಕೆ ಹಿಮ್ಮಡಿ ಎತ್ತಿ ತೋರಿಸಲಿ. ಅದಾದ ಮೇಲೆ ಮೆಲ್ಲನೆ ಓಟ, ಕೊನೆಗೆ ಜಿಗಿತ.