ಮುಚ್ಚುವ ಮುಂಚೆ ಅಳತೆ ಹಿಡಿ

ಮುಳವಾಡದಲ್ಲಿ ಅಪ್ಪ-ಅವ್ವನಿಗೆ ಮನೆ ಕಟ್ಟಿಸಲು ಶುರು ಮಾಡಿದಾಗ ನಾನು ಬೆಂಗಳೂರಿನಲ್ಲಿದ್ದೆ. ಖರ್ಚಿನ ಲೆಕ್ಕಕ್ಕೆ ಒಂದು ಚೆಂದದ ಶೀಟ್ ಮಾಡಿ ಇಟ್ಟಿದ್ದೆ. ಸಾಫ್ಟ್‌ವೇರ್‌ನವನು ತಾನೇ, ಲೆಕ್ಕದಲ್ಲಿ ಯಾರು ಮೋಸ ಮಾಡ್ತಾರೆ ಅನ್ನುವ ಧೈರ್ಯ!

ಮೊದಲ ಬಿಲ್ಲಿಗೇ ಅದು ಇಳಿಯಿತು. ನಮ್ಮದು ಎರಿ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಹಾಗಾಗಿ ಮುರಂ ಸಿಗುವತನಕ ತಗ್ಗು ತೋಡಲೇಬೇಕು. ಒಂಬತ್ತು ಕಾಲಂ ತಗ್ಗು, ಒಂದೊಂದೂ ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ. ಗುತ್ತಿಗೆದಾರ ಎಲ್ಲದಕ್ಕೂ 1.8 ಮೀಟರ್ ಆಳ ಹಿಡಿದು 36.45 ಘನ ಮೀಟರ್ ಬರೆದಿದ್ದ. ಅವ್ವ ಫೋನಿನಲ್ಲಿ, "ನಾಕು ತಗ್ಗಿನ್ಯಾಗ ಲಗೂನ ಮುರಂ ಹತ್ತಿತ್ತಪಾ" ಅಂದಳು. ಆ ನಾಲ್ಕು 1.4 ಮೀಟರಿಗೇ ನಿಂತಿದ್ದರೆ ಒಟ್ಟು 32.85 ಆಗಬೇಕು. ಆದರೆ ಅಷ್ಟರಲ್ಲಿ ಕಾಂಕ್ರೀಟ್ ಬಿದ್ದು, ಮಣ್ಣೂ ಮುಚ್ಚಿತ್ತು. ನನ್ನ ಹತ್ತಿರ ವಾಟ್ಸಾಪ್ ಫೋಟೋ ಇದ್ದವು. ಟೇಪ್ ಹಿಡಿದ ಫೋಟೋ ಒಂದೂ ಇರಲಿಲ್ಲ. ಕೇಳಿದಷ್ಟು ಕೊಟ್ಟೆ.

ಆಮೇಲೆ ಹೋಗಿದ್ದು ಕಾಕಾನ ಹತ್ತಿರ. ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದವನು, ಕಾಲುವೆ ಕೆಲಸದಲ್ಲೇ ತಲೆ ಬೆಳ್ಳಗಾದವನು.

"ಮುಚ್ಚಿ ಹೋದ ಕೆಲಸಕ್ಕ ಸಾಕ್ಷಿ ಎಲ್ಲಿಂದ ತರ್ತಿ ತಮ್ಮಾ? ಮೊದಲ ಅಳತಿ ಹಿಡಿ, ಆಮ್ಯಾಲ ಮುಚ್ಚಸು" ಅಂದ.

ನನ್ನ ಶೀಟ್ ನೋಡಿ ನಕ್ಕ. ಬಸವನ ಬಾಗೇವಾಡಿಯಿಂದ ಹೊಲಿಗೆ ಹಾಕಿದ ದಪ್ಪ ರಿಜಿಸ್ಟರ್ ತರಿಸಿದ. ಇಲಾಖೆಯಲ್ಲಿ ಇದಕ್ಕೆ ಅಳತೆ ಪುಸ್ತಕ ಅಂತಾರೆ, ಬಾಯಲ್ಲಿ ಎಂ.ಬಿ. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರು ಹಾಕಿದ. ಹಾಳೆ ಹರಿಯುವಂತಿಲ್ಲ, ಪೆನ್ಸಿಲ್ ಬಳಸುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಹಳೆಯ ತಪ್ಪು ಓದುವಂತಿರಬೇಕು. ನನ್ನ ಶೀಟಿನಲ್ಲಿ ಒಂದು ಅಂಕಿ ಬದಲಾಯಿಸಿದರೆ ಗೌಂಡಿಗೆ ಗೊತ್ತಾಗುವ ಮಾತೇ ಇರಲಿಲ್ಲ. ಇಲ್ಲಿ ಪ್ರತಿ ಅಳತೆಯ ಕೆಳಗೆ ಅವನದೂ ಸಹಿ.

ಒಂದೊಂದು ಸಾಲಿನಲ್ಲಿ ಕೆಲಸ ಯಾವುದು, ಎಲ್ಲಿ, ಎಷ್ಟು ಸಂಖ್ಯೆ, ಉದ್ದ, ಅಗಲ, ಎತ್ತರ, ಕೊನೆಗೆ ಒಟ್ಟು ಪ್ರಮಾಣ. "ಎಲ್ಲಿ" ಅನ್ನುವುದೇ ಮುಖ್ಯ. ಬರೀ "ಗೋಡೆ" ಅಂತ ಬರೆದರೆ ಅದೇ ಗೋಡೆ ಮುಂದಿನ ಬಿಲ್ಲಿನಲ್ಲಿ ಮತ್ತೊಮ್ಮೆ ಹುಟ್ಟುತ್ತದೆ. "ಪಡಸಾಲೆ ಮತ್ತು ದೇವರ ಕೋಣೆ ನಡುವಿನ ಗೋಡೆ" ಅಂದರೆ ಹುಟ್ಟಲಿಕ್ಕೆ ಆಗುವುದಿಲ್ಲ. ಬಿಲ್ಲಿಗೆ ಎತ್ತಿಕೊಂಡ ಅಳತೆಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಅಲ್ಲಿಗೆ ಆ ಅಳತೆಯ ಆಯುಷ್ಯ ಮುಗಿಯಿತು.

ಗಿಲಾವಿನ ಅಳತೆಯಲ್ಲಿ ನಾನೇ ತಪ್ಪಿತಸ್ಥನಾದೆ. ಆ ನಡುಗೋಡೆ 5 ಮೀಟರ್ ಉದ್ದ, 3 ಮೀಟರ್ ಎತ್ತರ. ಎರಡೂ ಬದಿ ಸೇರಿ 30 ಚದರ ಮೀಟರ್. ಬಾಗಿಲು 1 ಮೀಟರ್ ಅಗಲ, 2.1 ಎತ್ತರ. ಬಾಗಿಲಿಗೆ ಗಿಲಾವು ಇಲ್ಲವಲ್ಲ ಅಂತ ಎರಡೂ ಬದಿಯಿಂದ ಕಳೆದು 25.8 ಬರೆದೆ. ಗೌಂಡಿ ಮುಖ ಸಣ್ಣದು ಮಾಡಿದ. ಕಾಕಾ ಪೆನ್ ಕಸಿದುಕೊಂಡ. ಭಾರತೀಯ ಮಾನಕ 1200ರ ಪ್ರಕಾರ, ಎರಡೂ ಬದಿ ಒಂದೇ ಬಗೆಯ ಗಿಲಾವಿದ್ದು, ತೆರಪು ಅರ್ಧ ಚದರ ಮೀಟರಿಗಿಂತ ದೊಡ್ಡದಾಗಿ 3 ಚದರ ಮೀಟರ್ ಮೀರದಿದ್ದರೆ ಒಂದೇ ಬದಿ ಕಳೆಯಬೇಕು. ಅರ್ಧಕ್ಕಿಂತ ಸಣ್ಣದಾದರೆ ಕಳೆಯುವುದೇ ಬೇಡ. ಯಾಕೆಂದರೆ ಬಾಗಿಲಿನ ಪಕ್ಕದ ಅಂಚುಗಳಿಗೂ ಅವನು ಗಿಲಾವು ಮಾಡಿರುತ್ತಾನೆ, ಅದನ್ನು ಬೇರೆ ಅಳೆಯುವುದಿಲ್ಲ. ಸರಿ ಲೆಕ್ಕ 27.9.

ಅದನ್ನು ತಿದ್ದುವ ಅವಸರದಲ್ಲಿ 29.7 ಅಂತ ಬರೆದುಬಿಟ್ಟೆ! ಆ ಬಿಲ್ಲಿನಲ್ಲಿ ಒಟ್ಟು 140 ಚದರ ಮೀಟರಿಗೆ ದುಡ್ಡೂ ಹೋಯಿತು. ಮುಂದಿನ ಬಿಲ್ಲಿಗೆ ಮುಂಚೆ ಕಾಕಾ ತಾನೇ ಟೇಪ್ ಹಿಡಿದು ಕೆಲವು ಅಳತೆ ಮರುಪರೀಕ್ಷೆ ಮಾಡಿದ. ಇಲಾಖೆಯಲ್ಲಿ ಮೇಲಧಿಕಾರಿ ಮಾಡುವ ಕೆಲಸ ಇದು. ಎಲ್ಲವನ್ನೂ ಅಲ್ಲ, ದುಡ್ಡು ಜಾಸ್ತಿ ಇರುವುದನ್ನು, ಅನುಮಾನ ಬಂದದ್ದನ್ನು ಆರಿಸಿ. ತಪ್ಪು ಅಲ್ಲೇ ಸಿಕ್ಕಿತು.

"ಈಗ ವಾಪಸ್ ಕೇಳೂದಾ?" ಅಂದೆ.

"ಯಾಕ? ಚಾಲ್ತಿ ಬಿಲ್ಲು ಅಂದ್ರ ಅಡ್ವಾನ್ಸ್ ಇದ್ದಂಗ. ಕಡೀ ಬಿಲ್ಲಿನತನಕ ಯಾವುದೂ ಪಕ್ಕಾ ಅಲ್ಲ."

ಚಾಲ್ತಿ ಬಿಲ್ಲಿನಲ್ಲಿ ಹೊಸ ಕೆಲಸ ಮಾತ್ರ ಬರೆಯುವುದಿಲ್ಲ. ಶುರುವಿನಿಂದ ಇಲ್ಲಿಯವರೆಗೆ ಆದದ್ದೆಲ್ಲ ಬರೆದು, ಹಿಂದೆ ಕೊಟ್ಟದ್ದನ್ನು ಕಳೆಯುತ್ತಾರೆ. ಹೊಸದಾಗಿ 70 ಚದರ ಮೀಟರ್ ಆಗಿತ್ತು. ತಪ್ಪು ತಿದ್ದಿದ ಮೇಲೆ ಇಲ್ಲಿಯವರೆಗಿನ ಒಟ್ಟು 208.2. ಹಿಂದಿನ 140 ಕಳೆದರೆ 68.2. ಹೆಚ್ಚಿಗೆ ಹೋದ 1.8 ತಾನಾಗೇ ಒಳಗೆ ಬಂತು, ಜಗಳವಿಲ್ಲದೆ.

ಕಾಂಪೌಂಡ್ ಪಾಯ ತೋಡಿದ ದಿನ ಬೆಳಿಗ್ಗೆ ನಾನು ಮೀಟಿಂಗ್‌ನಲ್ಲಿದ್ದೆ. ಗೌಂಡಿಯ ಫೋನು. "ಅಣ್ಣಾರ, ತಗ್ಗು ತಯಾರ್ ಅದಾವು. ಕಾಕಾರನ್ನ ಬುಕ್ ತಗೊಂಡು ಕಳಸ್ರಿ. ಅಳತಿ ಹಿಡಿಯೂತನಕ ನಾ ಕಾಂಕ್ರೀಟ್ ಹಾಕಂಗಿಲ್ಲ."